ಗ್ರೂಪ್ ಫೋಟೊದಲ್ಲಿ ತಲೆ ಬದಲಿಸುವವರಿಗೊಂದು ಬಹಿರಂಗ ಪತ್ರ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಸ್ಟುಡಿಯೊ ಮಾಲೀಕರಿಗೆ, ಫೋಟೊಗ್ರಾಫರ್ ಮಿತ್ರರಿಗೆ, ರಾತ್ರಿಯೆಲ್ಲ ಸಿಸ್ಟಮ್ ಮುಂದೆ ಕೂರುವ ಡಿಸೈನರ್ ಹುಡುಗರಿಗೆ,



ಆಷಾಢ ಬಂದಿದೆ. ಛತ್ರಗಳು ಖಾಲಿ, ನಮಗೂ ಕೊಂಚ ಬಿಡುವು. ಇಂಥ ಬಿಡುವಿನಲ್ಲಲ್ಲದೆ ನೀವು ಈ ಪತ್ರ ಓದುವುದಿಲ್ಲ ಎಂದು ಗೊತ್ತಿದ್ದೇ ಈಗ ಬರೆಯುತ್ತಿದ್ದೇನೆ. ಜನವರಿ ಹುಟ್ಟಿತೆಂದರೆ ಎಸ್ಸೆಸ್ಸೆಲ್ಸಿ ಮಕ್ಕಳ ಗ್ರೂಪ್ ಫೋಟೊ ಶುರು. ಅದು ಮುಗಿಯುವುದರೊಳಗೆ ಮದುವೆಗಳು. ನಿಮ್ಮಲ್ಲಿ ಹಲವರ ಫೈಲುಗಳು ರಾಮನಗರದ ನನ್ನ ಟೇಬಲ್ಲಿಗೆ ಬರುತ್ತವೆ, ಕೆಲವು ಆನ್‌ಲೈನಿನಲ್ಲಿ, ಕೆಲವು ಈಗಲೂ ಬಸ್ಸಿನಲ್ಲಿ ಪೆನ್‌ಡ್ರೈವ್ ಏರಿ. ಜತೆಗೆ ಒಂದು ಸಾಲು ಇದ್ದೇ ಇರುತ್ತದೆ: ‘ಅಣ್ಣ, ಮೂರು ಜನರದ್ದು ಫೇಸ್ ಚೇಂಜ್ ಇದೆ, ನಾಳೆ ಲ್ಯಾಬಿಗೆ ಹಾಕಬೇಕು.’ ಯಾವ ಮೂರು ಜನ, ಯಾವ ಫ್ರೇಮಿನಿಂದ ಎಂಬುದು ಮಾತ್ರ ಅದರಲ್ಲಿರುವುದಿಲ್ಲ.

ಒಂದು ತಲೆ ಬದಲಿಸುವುದು ನಮಗ್ಯಾರಿಗೂ ಕಷ್ಟವಲ್ಲ. ವಾರಕ್ಕೆ ಹತ್ತಾರು ಗ್ರೂಪುಗಳಲ್ಲಿ ಬದಲಿಸುತ್ತಾ ಎಲ್ಲೂ ಎಡವದಿರುವುದು ಕಷ್ಟ. ಅದಕ್ಕೆ ಗೋಡೆಯ ಮೇಲೊಂದು ಚೆಕ್‌ಲಿಸ್ಟ್ ಬೇಕು ಎನ್ನುವುದು ನನ್ನ ವಾದ. ಅದನ್ನು ಕಟ್ಟುವ ಬಗೆಯನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಬೇರೆಯವರ ಪಟ್ಟಿಯನ್ನು ತಂದು ಅಂಟಿಸಬೇಡಿ. ನಿಮ್ಮ ಅಂಗಡಿಯಲ್ಲಿ ಹೋದ ಸೀಸನ್ನಿನಲ್ಲಿ ವಾಪಸ್ ಬಂದ ಪ್ರಿಂಟುಗಳು, ಎರಡನೇ ಸಲ ಪ್ರಿಂಟ್ ಹಾಕಿಸಿದ ಫೈಲುಗಳು ಇರುತ್ತವಲ್ಲ, ಅವನ್ನೆಲ್ಲ ಟೇಬಲ್ ಮೇಲೆ ಹರವಿ, ಯಾಕೆ ಬಂತು ಎಂದು ಒಂದೊಂದರ ಹಿಂದೆ ಬರೆಯಿರಿ. ನಾನು ನೋಡಿದ ಮಟ್ಟಿಗೆ ಒಂದು ವಿಚಿತ್ರ ಕಾಣುತ್ತದೆ. ಬದಲಿಸಿದ ಮುಖದಲ್ಲಿ ತಪ್ಪಿರುವುದು ಕಡಿಮೆ. ತಪ್ಪು ಇರುವುದು ಮುಖದ ಪಕ್ಕದಲ್ಲಿ. ಒಂದು ಕಿವಿಯಲ್ಲಿ ಜುಮುಕಿ ಇದೆ, ಇನ್ನೊಂದರದ್ದು ಅರ್ಧ ಮಾಯ. ಮುಡಿದ ಮಲ್ಲಿಗೆ ದಂಡೆ ಭುಜದ ಹತ್ತಿರ ತುಂಡಾಗಿದೆ. ಹಿಂದೆ ನಿಂತವನ ಬೆರಳು ಮುಂದಿನವಳ ಕತ್ತಿನ ಬಳಿ ಉಳಿದುಕೊಂಡಿದೆ. ಕೆಲಸ ಮಾಡುವಾಗ ನಮ್ಮ ಕಣ್ಣೆಲ್ಲ ಮುಖದ ಮೇಲೆಯೇ ಇರುವುದರಿಂದ ಹೀಗಾಗುತ್ತದೆ.

ಇದು ನಮ್ಮ ಊರಿಗಷ್ಟೇ ಇರುವ ಕಾಯಿಲೆಯಲ್ಲ. 2024ರ ಮಾರ್ಚ್ 10ರಂದು ಬ್ರಿಟನ್ನಿನ ರಾಜಮನೆತನ ರಾಜಕುಮಾರಿ ಕೇಟ್ ತಮ್ಮ ಮೂವರು ಮಕ್ಕಳ ಜತೆ ಕೂತ ಒಂದು ಫೋಟೊ ಬಿಡುಗಡೆ ಮಾಡಿತ್ತು. ಎಪಿ, ರಾಯಿಟರ್ಸ್, ಎಎಫ್‌ಪಿಯಂಥ ಸುದ್ದಿಸಂಸ್ಥೆಗಳು ಅದನ್ನು ಹಂಚಿ, ಅದೇ ದಿನ ಹಿಂದಕ್ಕೆ ಪಡೆದವು. ಮಗಳು ಷಾರ್ಲೆಟ್‌ಳ ಎಡಗೈ, ತೋಳಿನ ಅಂಚು ಸರಿಯಾಗಿ ಕೂಡಿರಲಿಲ್ಲ. ತಿದ್ದಿದ್ದು ತಾನೇ ಎಂದು ಕೇಟ್ ಮರುದಿನ ಕ್ಷಮೆ ಕೇಳಿದರು. ಅಲ್ಲೂ ನಾಲ್ಕು ಮುಖ ಚೆನ್ನಾಗಿಯೇ ಇದ್ದವು. ಸಿಕ್ಕಿಬಿದ್ದದ್ದು ತೋಳು.

ಹಾಗಾಗಿ ಚೆಕ್‌ಲಿಸ್ಟಿನಲ್ಲಿ ‘ನ್ಯಾಚುರಲ್ ಆಗಿದೆಯೇ?’ ಎಂಬ ಪ್ರಶ್ನೆ ಬರೆಯಬೇಡಿ. ರಾತ್ರಿ ಹನ್ನೊಂದಕ್ಕೆ ಎಲ್ಲವೂ ನ್ಯಾಚುರಲ್ ಆಗಿಯೇ ಕಾಣುತ್ತದೆ. ಬೆರಳಿಟ್ಟು ತೋರಿಸಬಹುದಾದ ಉತ್ತರ ಇರುವ ಪ್ರಶ್ನೆ ಬರೆಯಿರಿ: ‘ಎರಡೂ ಕಿವಿ, ಎರಡೂ ಓಲೆ ಒಂದೇ ಫ್ರೇಮಿನವೇ?’ ‘ಜಡೆ ತುದಿಯ ತನಕ ಪೂರ್ತಿ ಇದೆಯೇ?’ ಹೌದು ಅಥವಾ ಇಲ್ಲ, ಇಷ್ಟೇ ಉತ್ತರ ಇರಬೇಕು.

ಒಂದು ಕೆಲಸವನ್ನೇ ಬಿಡಿಸಿ ಹೇಳುತ್ತೇನೆ. ಕನಕಪುರ ಕಡೆಯ ಒಂದು ಪ್ರೌಢಶಾಲೆಯ ಗ್ರೂಪ್. ನೆಲದ ಮೇಲೆ ಕೂತವರು 14, ಕುರ್ಚಿಯಲ್ಲಿ ಶಿಕ್ಷಕರು 9, ಅವರ ಹಿಂದೆ ನಿಂತವರು 20, ಬೆಂಚಿನ ಮೇಲೆ ನಿಂತವರು 20. ಒಟ್ಟು 63 ತಲೆ. ಫೋಟೊಗ್ರಾಫರು ಟ್ರೈಪಾಡಿನ ಮೇಲೆ ಕ್ಯಾಮರಾ ಇಟ್ಟು, ಎರಡು ಫ್ಲ್ಯಾಶ್ ಹಾಕಿ, `DSC_0411`ರಿಂದ `DSC_0419`ರವರೆಗೆ ಒಂಬತ್ತು ಫ್ರೇಮ್ ಹೊಡೆದಿದ್ದರು. ಟ್ರೈಪಾಡ್ ಇದ್ದದ್ದೇ ಅರ್ಧ ಕೆಲಸ ಮುಗಿದಂತೆ.

ಮೊದಲು ಬೇಸ್ ಫ್ರೇಮ್ ಆರಿಸಬೇಕು. `0417`ರಲ್ಲಿ ಹೆಡ್‌ಮಾಸ್ಟರ್ ಬಹಳ ಚೆನ್ನಾಗಿ ನಕ್ಕಿದ್ದರು, ಸ್ಟುಡಿಯೊದವರು ಅದನ್ನೇ ಬೇಸ್ ಮಾಡಿ ಎಂದಿದ್ದರು. ಆದರೆ ಅದರಲ್ಲಿ ಏಳು ಮಕ್ಕಳು ಕಣ್ಣು ಮುಚ್ಚಿಯೋ ಪಕ್ಕಕ್ಕೆ ತಿರುಗಿಯೋ ಇದ್ದರು. `0414`ರಲ್ಲಿ ಕೆಟ್ಟಿದ್ದು ಮೂರೇ, ಹೆಡ್‌ಮಾಸ್ಟರೂ ಪರವಾಗಿಲ್ಲ ಎನ್ನುವಂತಿದ್ದರು. ಬೇಸ್ ಎಂದರೆ ಅತಿ ಕಡಿಮೆ ತಲೆ ಮುಟ್ಟಬೇಕಾದ ಫ್ರೇಮ್. ದೊಡ್ಡವರ ನಗು ಇಲ್ಲಿ ಲೆಕ್ಕಕ್ಕಿಲ್ಲ.

ಆಮೇಲೆ ಒಂದು ಚೀಟಿ. ಸಾಲಿನ ನಂಬರು, ಎಡದಿಂದ ಎಷ್ಟನೆಯವರು, ಯಾವ ಫ್ರೇಮಿನಿಂದ, ತಲೆಯೋ ಕಣ್ಣೋ:

```
BASE    DSC_0414
R1-03   DSC_0415   eyes
R3-07   DSC_0417   head
R4-11   DSC_0415   head
```

ಲೇಯರಿಗೂ ಇದೇ ಹೆಸರು ಕೊಡಿ, `R3-07_0417` ಎಂದು. ‘Layer 5 copy 2’ ಎಂದಿದ್ದರೆ ಮೂರು ದಿನ ಬಿಟ್ಟು ಸ್ಕೂಲಿನಿಂದ ಫೋನ್ ಬಂದಾಗ ಅದು ಯಾರ ತಲೆ ಎಂದು ನಮಗೇ ಗೊತ್ತಾಗುವುದಿಲ್ಲ.

ಈ ಚೀಟಿ ಬರೆಯುವಾಗಲೇ ಎರಡು ಅಪಾಯ ತಪ್ಪಿದವು. ನಾಲ್ಕನೇ ಸಾಲಿನ ಹನ್ನೊಂದನೇ ಹುಡುಗನ ಮುಖ ಎಲ್ಲಕ್ಕಿಂತ ಚೆನ್ನಾಗಿದ್ದದ್ದು `0416`ರಲ್ಲಿ. ಆದರೆ ಆ ಫ್ರೇಮಿನಲ್ಲಿ ಬಲಗಡೆಯ ಫ್ಲ್ಯಾಶ್ ಪೂರ್ತಿ ಚಾರ್ಜ್ ಆಗಿರಲಿಲ್ಲ, ಆ ಬದಿಯೆಲ್ಲ ಮಂಕು. ಬ್ರೈಟ್‌ನೆಸ್ ಏರಿಸಿದರೆ ಆಯಿತಲ್ಲ ಎನ್ನುತ್ತೀರಿ. ಬೆಳಕು ಹೆಚ್ಚುತ್ತದೆ, ಆದರೆ ಮೂಗಿನ ನೆರಳು ಬೇರೆ ಕಡೆ ಬಿದ್ದಿರುತ್ತದೆ, ಏರಿಸಿದಷ್ಟೂ ಗ್ರೇನ್ ಎದ್ದು ಬರುತ್ತದೆ. ಪಕ್ಕದ ಹತ್ತೊಂಬತ್ತು ಮುಖಗಳ ನಡುವೆ ಅದೊಂದು ಬೇರೆ ಮನೆಯ ಮುಖವಾಗುತ್ತದೆ. ನಗು ಕಡಿಮೆ ಇದ್ದರೂ `0415`ರದ್ದನ್ನೇ ತೆಗೆದುಕೊಂಡೆ.

ಎರಡನೆಯದು ಇನ್ನೂ ಸೂಕ್ಷ್ಮ. `0418`ರ ಹೊತ್ತಿಗೆ ಯಾರೋ ಮೇಷ್ಟ್ರು ಎತ್ತರ ನೋಡಿ ನಾಲ್ಕನೇ ಸಾಲಿನ ಹನ್ನೊಂದು, ಹನ್ನೆರಡನೆಯ ಹುಡುಗರನ್ನು ಅದಲುಬದಲು ಮಾಡಿದ್ದರು. ಒಂದೇ ಯೂನಿಫಾರ್ಮ್, ಒಂದೇ ಕಟಿಂಗ್. `0418`ರ ಹನ್ನೊಂದನೇ ತಲೆಯನ್ನು ತಂದು ಕೂರಿಸಿದ್ದರೆ ಒಬ್ಬ ಹುಡುಗ ಎರಡು ಸಲ ಬಂದು, ಇನ್ನೊಬ್ಬ ಫೋಟೊದಿಂದಲೇ ಮಾಯವಾಗುತ್ತಿದ್ದ. ತಲೆ ಎಣಿಸಿದರೆ ಮಾತ್ರ ಸರಿಯಾಗಿ 63! ಹಾಗಾಗಿ ಎಣಿಕೆಯೊಂದರಿಂದ ಈ ತಪ್ಪು ಸಿಗುವುದಿಲ್ಲ. ಪಟ್ಟಿಯಲ್ಲಿ ಹೀಗೆ ಬರೆಯಿರಿ: ‘ಸೋರ್ಸ್ ಫ್ರೇಮಿನಲ್ಲಿ ಇವನ ಎಡಬಲದಲ್ಲಿ ಇರುವವರು ಬೇಸಿನಲ್ಲಿ ಇರುವವರೇ?’ ಗ್ರೂಪ್ ಫೋಟೊದ ಕೆಳಗೆ ಎಡದಿಂದ ಬಲಕ್ಕೆ ಹೆಸರು ಅಚ್ಚಾಗುತ್ತದೆ, ಆ ಕಾಗದ ಮನೆಯಲ್ಲಿ ಗೋಡೆಯ ಮೇಲೆ ವರ್ಷಗಟ್ಟಲೆ ಇರುತ್ತದೆ. ಮಾಯವಾದ ಮಗುವಿನ ತಾಯಿಗೆ ನೀವು ಏನು ಉತ್ತರ ಕೊಡುತ್ತೀರಿ?

ಪಟ್ಟಿಯನ್ನು ಮೂರು ನಿಲ್ದಾಣಗಳಾಗಿ ಒಡೆಯಬೇಕು, ಇಲ್ಲಿಗೆ ಮೊದಲನೆಯದು. ಚೀಟಿ ಪೂರ್ತಿಯಾಗುವ ತನಕ ಫೋಟೊಶಾಪ್ ತೆರೆಯುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಆಪರೇಷನ್ ಥಿಯೇಟರಿಗೆಂದು ಹೊರತಂದ ಚೆಕ್‌ಲಿಸ್ಟಿನಲ್ಲೂ ಮೂರೇ ನಿಲ್ದಾಣಗಳು: ಅರಿವಳಿಕೆಗೆ ಮುಂಚೆ, ಕತ್ತರಿ ಹಾಕುವ ಮುಂಚೆ, ರೋಗಿಯನ್ನು ಹೊರಗೆ ಸಾಗಿಸುವ ಮುಂಚೆ. ಉದ್ದದ ಪಟ್ಟಿಯನ್ನು ಒಮ್ಮೆಲೇ ಓದಿಸಿದರೆ ಯಾರೂ ಓದುವುದಿಲ್ಲ ಎಂಬುದು ಡಾಕ್ಟರುಗಳಿಗೂ ಗೊತ್ತು. ನಮ್ಮವು: ಫೈಲ್ ತೆರೆಯುವ ಮುಂಚೆ, ಲೇಯರ್ ಒಂದು ಮಾಡುವ ಮುಂಚೆ, ಲ್ಯಾಬಿಗೆ ಕಳಿಸುವ ಮುಂಚೆ.

ಎರಡನೇ ನಿಲ್ದಾಣದ ತನಕ ಏನಾಗಬೇಕೋ ಅದನ್ನು ಹೇಳಿಬಿಡುತ್ತೇನೆ. ಎಲ್ಲ ಫ್ರೇಮುಗಳಿಗೂ ರಾ ಹಂತದಲ್ಲೇ ಒಂದೇ ಸೆಟಿಂಗ್. `Auto` ಒತ್ತಬೇಡಿ, ಅದು ಒಂದೊಂದು ಫ್ರೇಮಿಗೆ ಒಂದೊಂದು ಲೆಕ್ಕ ಹಾಕುತ್ತದೆ. `Load Files into Stack` ಮಾಡಿ, `Auto-Align Layers`ನಲ್ಲಿ `Reposition` ಆರಿಸಿ. ಇದು ಫ್ರೇಮನ್ನು ಸರಿಸುತ್ತದೆಯೇ ಹೊರತು ಎಳೆದು ವಕ್ರ ಮಾಡುವುದಿಲ್ಲ. ನಂತರ ಸೋರ್ಸ್ ಲೇಯರನ್ನು `Difference` ಮೋಡಿಗೆ ಹಾಕಿ ನೋಡಿ. ಎರಡು ಫ್ರೇಮ್ ಕೂಡಿದ ಕಡೆ ಕಪ್ಪಾಗುತ್ತದೆ, ಅಲುಗಾಡಿದ ಕಡೆ ಗೆರೆ ಹೊಳೆಯುತ್ತದೆ. ಗೋಡೆ, ಕಿಟಕಿ ಕಪ್ಪಾಗಿ, ಬರೀ ತಲೆಯೊಂದು ಹೊಳೆದರೆ ಒಳ್ಳೆಯದು. ಗೋಡೆಯೂ ಹೊಳೆಯುತ್ತಿದ್ದರೆ ಕ್ಯಾಮರಾ ಅಲುಗಿದೆ ಎಂದರ್ಥ, ತಲೆ ಕತ್ತರಿಸುವ ಮುಂಚೆ ಅದನ್ನು ಸರಿಪಡಿಸಿಕೊಳ್ಳಬೇಕು. ಟ್ರೈಪಾಡಿನ ಫೋಟೊದಲ್ಲಿ ತಲೆಯನ್ನು ದೊಡ್ಡದು ಚಿಕ್ಕದು ಮಾಡಬೇಕಾಗಿ ಬಂತೆಂದರೆ ಅಲ್ಲೇ ಅನುಮಾನಪಡಿ. ಆ ಮಗು ಮುಂದೆ ಬಾಗಿರಬೇಕು, ಇಲ್ಲವೇ ನೀವು ತಪ್ಪು ಫ್ರೇಮಿನಲ್ಲಿದ್ದೀರಿ.

ಮೂರನೇ ಸಾಲಿನ ಏಳನೇ ಹುಡುಗಿಯ ಕೆಲಸವೇ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಬೇಸಿನಲ್ಲಿ ಅವಳು ಪಕ್ಕದವಳ ಕಡೆ ತಿರುಗಿದ್ದಳು, ಎರಡೂ ಜಡೆ ಬೆನ್ನ ಹಿಂದೆ. `0417`ರಲ್ಲಿ ನೇರ ನೋಡುತ್ತಿದ್ದಾಳೆ, ಆದರೆ ಒಂದು ಜಡೆ, ಕೆಂಪು ರಿಬ್ಬನ್ ಸಮೇತ, ಎದೆಯ ಮೇಲಿದೆ. ಗಲ್ಲದ ಕೆಳಗೆ ಕತ್ತರಿಸಿದರೆ ಜಡೆ ಕತ್ತಿನಲ್ಲೇ ಮುಗಿಯುತ್ತದೆ. ಆದ್ದರಿಂದ ಮಾಸ್ಕನ್ನು ಕತ್ತು, ಕಾಲರ್, ಭುಜ ದಾಟಿ ರಿಬ್ಬನ್ನಿನ ತುದಿಯ ತನಕ ಇಳಿಸಬೇಕಾಯಿತು. ಅಲ್ಲಿಗೆ ಪಕ್ಕದವಳ ಮೊಣಕೈ ಅಡ್ಡ ಬಂತು, ಅದು `0417`ರಲ್ಲಿ ಸ್ವಲ್ಪ ಮೇಲಿತ್ತು. ಹೊಲಿಗೆ ಎಲ್ಲಿ ಹಾಕಬೇಕು? ಸಪಾಟಾದ ಚರ್ಮದ ಮೇಲೆ ಎಂದೂ ಬೇಡ. ಬಟ್ಟೆಯ ಅಂಚು, ಕಾಲರ್ ಗೆರೆ, ಟೈ, ಸೀರೆಯ ಬಾರ್ಡರ್, ಹೂವಿನ ದಂಡೆ, ಹೀಗೆ ಮೊದಲೇ ಗೆರೆಯಿರುವ ಕಡೆ ಹಾಕಿ. ಇಲ್ಲಿ ಪಕ್ಕದವಳ ತೋಳಿನ ಅಂಚಿನಲ್ಲಿ ನಿಲ್ಲಿಸಿದೆ.

ಅಷ್ಟು ಮಾಡಿದರೂ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ಸಿಕ್ಕಿದ್ದು ನೆರಳಿನಲ್ಲಿ. ಎಡಗಡೆಯ ಫ್ಲ್ಯಾಶಿನಿಂದ ಅವಳ ತಲೆಯ ನೆರಳು ಹಿಂದಿನ ಬೆಂಚಿನ ಹುಡುಗನ ಅಂಗಿಯ ಮೇಲೆ ಬಿದ್ದಿತ್ತು. ತಲೆ ಹೊಸದು, ಅಂಗಿಯ ಮೇಲಿನ ನೆರಳು ಹಳೆಯದು, ಪಕ್ಕಕ್ಕೆ ತಿರುಗಿದ ತಲೆಯದು. ನೆರಳನ್ನೂ `0417`ರಿಂದಲೇ ತಂದ ಮೇಲೆ ಆ ಹುಡುಗಿ ಅಲ್ಲಿ ನಿಂತಳು. ‘ತಲೆಯ ನೆರಳು ಎಲ್ಲಿ ಬಿದ್ದಿದೆ, ಅದೂ ಬಂದಿದೆಯೇ?’ ಎಂಬ ಸಾಲು ನನ್ನ ಗೋಡೆಯ ಪಟ್ಟಿಗೆ ಸೇರಿದ್ದು ಇಂಥ ಕೆಲಸಗಳಿಂದ.

ನೆಲದ ಮೇಲೆ ಕೂತ ಮೂರನೇ ಹುಡುಗನದು ಸುಲಭದ್ದು. ತಲೆ ಎರಡೂ ಫ್ರೇಮಿನಲ್ಲಿ ಕೂದಲೆಳೆಯಷ್ಟೂ ಅಲುಗಿಲ್ಲ, ರೆಪ್ಪೆ ಮಾತ್ರ ಮುಚ್ಚಿತ್ತು. ಹುಬ್ಬಿನಿಂದ ಕೆನ್ನೆಯ ಮೇಲ್ಭಾಗದ ತನಕ ತಂದರೆ ಸಾಕಾಯಿತು. ಆದರೆ ತಲೆ ಸ್ವಲ್ಪವಾದರೂ ತಿರುಗಿದ್ದರೆ, ಅಥವಾ ಒಂದರಲ್ಲಿ ನಕ್ಕು ಇನ್ನೊಂದರಲ್ಲಿ ಸುಮ್ಮನಿದ್ದರೆ, ಕಣ್ಣು ಮಾತ್ರ ಬದಲಿಸುವ ಆಸೆ ಬಿಡಿ. ನಗುವ ಬಾಯಿ, ನಗದ ಕಣ್ಣು ಸೇರಿದರೆ ಆ ಮುಖ ಅವರ ಮನೆಯವರಿಗೇ ಗುರುತು ಸಿಗುವುದಿಲ್ಲ. ಆಗ ಕಾಲರಿನಿಂದ ಮೇಲೆ ಇಡೀ ತಲೆ ತರಬೇಕು.

ಇನ್ನೊಂದು ಲೆಕ್ಕ ಹೇಳಲೇಬೇಕು, ಏಕೆಂದರೆ ಬಹಳ ಜನ ಇಲ್ಲೇ ಕೆಡಿಸುತ್ತಾರೆ. 24 ಮೆಗಾಪಿಕ್ಸೆಲ್ ಕ್ಯಾಮರಾದ ಫ್ರೇಮ್ 6000 ಪಿಕ್ಸೆಲ್ ಅಗಲ. ಸಾಲಿನಲ್ಲಿ 20 ಜನ ನಿಂತರೆ ಒಂದೊಂದು ಮುಖಕ್ಕೆ ಸಿಗುವುದು ಸುಮಾರು 100 ಪಿಕ್ಸೆಲ್. 12x18 ಪ್ರಿಂಟಿನಲ್ಲಿ ಅದು ಮುಕ್ಕಾಲು ಸೆಂಟಿಮೀಟರ್. ಗಂಡುಹೆಣ್ಣಿನ ದೊಡ್ಡ ಫೋಟೊಗೆ 5 ಪಿಕ್ಸೆಲ್ ಫೆದರ್ ಹಾಕಿ ಅಭ್ಯಾಸವಾದ ಕೈ ಇಲ್ಲೂ ಅದನ್ನೇ ಹಾಕಿದರೆ ಕಿವಿಯ ಅಂಚೆಲ್ಲ ಹೊಗೆಯಾಗುತ್ತದೆ. ಶಾಲೆಯ ಗ್ರೂಪಿಗೆ ಒಂದು, ಹೆಚ್ಚೆಂದರೆ ಎರಡು ಪಿಕ್ಸೆಲ್. ಪಕ್ಕದ ಮುಟ್ಟದ ತಲೆಯ ಅಂಚು ಎಷ್ಟು ಚೂಪಾಗಿದೆಯೋ ಇದೂ ಅಷ್ಟೇ ಇರಬೇಕು.

ಎರಡನೇ ನಿಲ್ದಾಣದಲ್ಲಿ ಮಾಡಬೇಕಾದದ್ದು ಹೊಲಿಗೆ ಹುಡುಕುವುದು. ಎಲ್ಲಕ್ಕಿಂತ ಮೇಲೆ ಒಂದು `Curves` ಲೇಯರ್ ಹಾಕಿ, ಗೆರೆಯನ್ನು ಹಾವಿನಂತೆ ಏರಿಳಿಸಿ. ಬಣ್ಣವೆಲ್ಲ ಕೆಟ್ಟು ಕಾಣುತ್ತದೆ, ಆದರೆ ಮಾಸ್ಕಿನ ಅಂಚು, ಬೆಳಕಿನ ಅಲ್ಪ ವ್ಯತ್ಯಾಸ ಬಟಾಬಯಲಾಗುತ್ತದೆ. ಚೀಟಿಯಲ್ಲಿರುವ ಒಂದೊಂದೇ ನಂಬರಿಗೆ ಹೋಗಿ, 100 ಪರ್ಸೆಂಟಿನಲ್ಲಿ ತಲೆಯ ಸುತ್ತ ಒಂದು ಸುತ್ತು ಬನ್ನಿ. ಆಮೇಲೆ ಆ ಲೇಯರನ್ನು ಅಳಿಸಿ. ಅಳಿಸಿದ್ದೀರಾ ಎಂಬುದೂ ಪಟ್ಟಿಯಲ್ಲಿ ಒಂದು ಸಾಲಾಗಿರಲಿ, ನಗಬೇಡಿ.

ಮದುವೆ ಗ್ರೂಪುಗಳಿಗೆ ಇದೆಲ್ಲದರ ಜತೆ ಬೇರೆ ಎರಡು ಸಾಲು ಬೇಕು. ನಮ್ಮ ಕಡೆ ಆರತಕ್ಷತೆ ಹಿಂದಿನ ಸಂಜೆ, ಮುಹೂರ್ತ ಮರುಬೆಳಿಗ್ಗೆ. ಸಂಜೆಯ ಫೋಟೊದಲ್ಲಿ ಹುಡುಗಿ ಚೆನ್ನಾಗಿ ನಕ್ಕಿದ್ದಾಳೆಂದು ಆ ತಲೆಯನ್ನು ಕತ್ತಿನ ಸಮೇತ ಬೆಳಗಿನ ಗ್ರೂಪಿಗೆ ತಂದರೆ ತಾಳಿ ಮಾಯ! ಧಾರೆಯಾದ ಮೇಲಿನ ಫೋಟೊದಲ್ಲಿ ಕೊರಳು ಖಾಲಿ ಕಂಡರೆ ಹಿರಿಯರು ಆಲ್ಬಮ್ ಮುಚ್ಚಿಯೇ ಬಿಡುತ್ತಾರೆ. ಬೆಳಗಿನಲ್ಲೇ ಧಾರೆಗೆ ಮುಂಚಿನದು, ನಂತರದ್ದು ಬೆರೆಸಿದರೂ ಇದೇ ಗತಿ. ಬಾಸಿಂಗ, ಕೂದಲಲ್ಲಿ ಅಂಟಿದ ಅಕ್ಷತೆ, ಹಣೆಯ ಕುಂಕುಮ ಎಲ್ಲವೂ ಹೊತ್ತು ಹೇಳುತ್ತವೆ. ಆದ್ದರಿಂದ ಮೊದಲ ಸಾಲು: ‘ತಲೆ ಅದೇ ಗ್ರೂಪಿನ, ಅದೇ ಸರದಿಯ ಫ್ರೇಮಿನದೇ?’ ಎರಡನೆಯದು: ‘ತಾಳಿ, ಬಾಸಿಂಗ, ಕುಂಕುಮ ಪಕ್ಕದವರ ಫೋಟೊದ ಹೊತ್ತಿಗೆ ಹೊಂದುತ್ತವೆಯೇ?’ ಸ್ಟೇಜಿನ ತುದಿಯಲ್ಲಿ ನಿಂತವರ ತಲೆಯನ್ನು ನಡುವಿನ ಫ್ರೇಮಿನಿಂದ ತರುವುದೂ ಬೇಡ. ಜಾಗ ಸಾಲದೆ ವೈಡ್ ಲೆನ್ಸಿನಲ್ಲಿ ಹೊಡೆದಿರುತ್ತೀರಿ, ಅಂಚಿನಲ್ಲಿ ತಲೆ ಅಗಲಕ್ಕೆ ಎಳೆದಿರುತ್ತದೆ, ನಡುವಿನಲ್ಲಿ ಇರುವುದಿಲ್ಲ.

ಮೂರನೇ ನಿಲ್ದಾಣ ಚಿಕ್ಕದು. ತಲೆ ಎಣಿಸಿ, ಸಾಲುಸಾಲಾಗಿ, ಬೇಸಿನ ಜತೆ ತಾಳೆ ನೋಡಿ. ಹೆಸರಿನ ಪಟ್ಟಿಯನ್ನು ಎಡದಿಂದ ಓದಿ. ಲೇಯರ್ ಸಮೇತ ಪಿಎಸ್‌ಡಿ ಉಳಿಸಿ, 3600x5400 ಪಿಕ್ಸೆಲ್ಲಿನ ಜೆಪೆಗ್ ಲ್ಯಾಬಿಗೆ. ಈ ಕೊನೆಯ ತಪಾಸಣೆಯನ್ನು ತಲೆ ಬದಲಿಸಿದವರು ಮಾಡಬಾರದು, ಬೇರೆ ಕಣ್ಣು ಮಾಡಬೇಕು. ಒಬ್ಬರೇ ಇರುವ ಅಂಗಡಿಯಾದರೆ ಬೆಳಿಗ್ಗೆ ಬಾಗಿಲು ತೆಗೆದ ಮೇಲೆ ಮಾಡಿ.

ಒಂದು ನಿಷ್ಠುರದ ಮಾತು. ನಿಮ್ಮಲ್ಲಿ ಎಷ್ಟೋ ಜನ ಪತ್ರಿಕೆಗಳಿಗೂ ಫೋಟೊ ಕಳಿಸುವವರು. ಮನೆಯ ಗೋಡೆಗೆ ಹೋಗುವ ಗ್ರೂಪಿನಲ್ಲಿ ಕಣ್ಣು ತೆರೆಸುವುದು ಬೇರೆ, ಸುದ್ದಿಗೆ, ಗ್ರಾಮಸಭೆಯ ಹಾಜರಾತಿಗೆ, ಕಚೇರಿಯ ದಾಖಲೆಗೆ ಹೋಗುವ ಫೋಟೊದಲ್ಲಿ ತಲೆ ಮುಟ್ಟುವುದು ಬೇರೆ. ಅವಕ್ಕೆ ಮೂಲ ಫ್ರೇಮೇ ಹೋಗಬೇಕು. ತಿದ್ದಿದ ಫೈಲಿನ ಹೆಸರಿನ ಕೊನೆಗೆ `_EDIT` ಎಂದು ಸೇರಿಸಿ, ಅವಸರದಲ್ಲಿ ಕೈ ತಪ್ಪಿ ಹೋಗದಿರಲಿ. ಅಂದು ಬಾರದೇ ಇದ್ದವರನ್ನು ಸೇರಿಸಿ ಎಂದು ಶಾಲೆ ಕೇಳಿದರೆ ಮೂಲೆಯಲ್ಲಿ ಬೇರೆ ಚೌಕ ಹಾಕಿ ಕೂರಿಸಿ, ಸಾಲಿನೊಳಗೆ ತೂರಿಸಬೇಡಿ.

ಕಡೆಯದಾಗಿ ನನ್ನ ಬೇಡಿಕೆಗಳು. ಫೋಟೊಗ್ರಾಫರುಗಳು ದಯವಿಟ್ಟು ಟ್ರೈಪಾಡ್ ತನ್ನಿ, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್, ಫೋಕಸ್ ಮೂರನ್ನೂ ಮ್ಯಾನುಯಲ್ಲಿಗೆ ಹಾಕಿ, ಫ್ಲ್ಯಾಶಿನ ದೀಪ ಹತ್ತುವ ತನಕ ಬಟನ್ ಒತ್ತಬೇಡಿ. ಜಾಗ ಬದಲಿಸಿದರೆ ಅಲ್ಲಿಂದ ಹೊಸ ಸರದಿ ಎಂದು ತಿಳಿಯಿರಿ, ಕೈ ಅಡ್ಡ ಹಿಡಿದು ಒಂದು ಕಪ್ಪು ಫ್ರೇಮ್ ಹೊಡೆದು ಗುರುತು ಹಾಕಿ. ಮಾಲೀಕರು ಫೈಲಿನ ಜತೆ ಆ ನಾಲ್ಕು ಸಾಲಿನ ಚೀಟಿ ಕಳಿಸಿ, ಅದಿಲ್ಲದೆ ಬಂದ ಫೈಲನ್ನು ನಾನು ಈ ಸೀಸನ್ನಿನಿಂದ ತೆರೆಯುವುದಿಲ್ಲ. ಡಿಸೈನರ್ ಹುಡುಗರು ವಾಪಸ್ ಬಂದ ಪ್ರಿಂಟುಗಳನ್ನು ಬಿಸಾಡದೆ ಒಂದು ಕವರಿನಲ್ಲಿಡಿ, ತಿಂಗಳಿಗೊಮ್ಮೆ ತೆಗೆದು ನೋಡಿ. ಪಟ್ಟಿಯಲ್ಲಿಲ್ಲದ ತಪ್ಪು ಕಂಡರೆ ಒಂದು ಸಾಲು ಸೇರಿಸಿ, ಹನ್ನೆರಡು ಸಾಲು ದಾಟಿದರೆ ಯಾವುದಾದರೂ ಎರಡನ್ನು ಕೂಡಿಸಿ ಒಂದು ಮಾಡಿ. ನಿಮ್ಮ ಪಟ್ಟಿಯ ಒಂದು ಪ್ರತಿಯನ್ನು ಶ್ರಾವಣದ ಮೊದಲ ಮುಹೂರ್ತಕ್ಕೆ ಮುಂಚೆ ನನಗೂ ಕೊಟ್ಟರೆ, ನನ್ನ ಕಣ್ಣು ತಪ್ಪಿಸಿಕೊಂಡದ್ದು ಏನಿದೆ ಎಂದು ನೋಡಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಆಲ್ಬಮ್ ಡಿಸೈನರ್
ರಾಮನಗರ